ಟೀ ಶರ್ಟಿನಲ್ಲಿ ಉಳಿಯುವ ಕಾಸು

2014ರ ನವೆಂಬರಿನಲ್ಲಿ ಅಮೆರಿಕದ ಪಾಂಪ್ಲಮೂಸ್ ಬ್ಯಾಂಡಿನ ಜ್ಯಾಕ್ ಕಾಂಟೆ ತಮ್ಮ ಪ್ರವಾಸದ ಜಮಾ-ಖರ್ಚನ್ನು ಊರಿಗೆಲ್ಲ ತೋರಿಸಿದರು. 28 ದಿನ, 24 ಪ್ರದರ್ಶನ. ಟಿಕೆಟ್ಟಿನಿಂದ 97,519 ಡಾಲರ್, ಟೀ ಶರ್ಟು ಮುಂತಾದ ಸರಕಿನಿಂದ 29,714, ಪ್ರಾಯೋಜಕರಿಂದ 8,750. ಇಷ್ಟು ಬಂದರೂ ಕೊನೆಗೆ ಕೈಯಿಂದ ಹೋದದ್ದು 11,819 ಡಾಲರ್. ಬೆಳಕು, ಹೋಟೆಲು, ಸಂಬಳದ ಖರ್ಚಿಗೆ ಓದುಗರು ಮೂಗು ಮುರಿದರು. ನನ್ನ ಕಣ್ಣು ನೆಟ್ಟದ್ದು ಇನ್ನೊಂದು ಸಾಲಿನ ಮೇಲೆ: ಕಮಿಷನ್, 16,463. ನಷ್ಟಕ್ಕಿಂತ ದೊಡ್ಡ ಮೊತ್ತ.

ಈ ಸಾಲು ಸಣ್ಣ ಬ್ಯಾಂಡುಗಳ ಲೆಕ್ಕದಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. 1980ರ ದಶಕದ ಆರಂಭದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ಮಿನಿಟ್‌ಮೆನ್ ತರಹದ ಕ್ಯಾಲಿಫೋರ್ನಿಯಾದ ಪಂಕ್ ತಂಡಗಳು ಒಂದು ವ್ಯಾನಿನಲ್ಲಿ ಸಾಮಾನು, ಜನ ಎಲ್ಲ ತುಂಬಿಕೊಂಡು ಹೊರಟವು. ವಾದ್ಯ ಇಳಿಸುವವರೂ ಅವರೇ, ಗಾಡಿ ಓಡಿಸುವವರೂ ಅವರೇ. ರಾತ್ರಿ ಯಾರದೋ ಮನೆಯ ನೆಲದ ಮೇಲೆ ನಿದ್ದೆ. ಅವರ ನಂತರ ಬಂದ ವಾಷಿಂಗ್ಟನ್ನಿನ ಫುಗಾಝಿ ಟಿಕೆಟ್ಟನ್ನು 5 ಡಾಲರಿನ ಆಸುಪಾಸಿನಲ್ಲೇ ಇಟ್ಟುಕೊಂಡಿತು. ಟೀ ಶರ್ಟು ಮಾರಲೇ ಇಲ್ಲ. ಮ್ಯಾನೇಜರ್ ಇಲ್ಲ, ಬುಕಿಂಗ್ ಏಜೆಂಟ್ ಇಲ್ಲ, ಧ್ವನಿಮುದ್ರಿಕೆ ಹೊರಬರುತ್ತಿದ್ದದ್ದು ತಮ್ಮದೇ ಬಳಗದ ಡಿಸ್ಕಾರ್ಡ್ ಲೇಬಲ್ಲಿನಿಂದ. ಕಮಿಷನ್ನಿನ ಸಾಲು ಸೊನ್ನೆಯಾದದ್ದರಿಂದಲೇ ಆ ದರ ಬಾಳಿಕೆ ಬಂತು.

ಇವತ್ತು ನಾಲ್ವರು ವಾದಕರು, ಒಬ್ಬ ಸೌಂಡ್ ಎಂಜಿನಿಯರ್ ಇರುವ ತಂಡವನ್ನು ಊಹಿಸಿಕೊಳ್ಳಿ. ಕ್ಲಬ್ಬಿನೊಂದಿಗೆ ಒಪ್ಪಂದ ಹೀಗೆ: 300 ಡಾಲರ್ ಖಾತ್ರಿ, ಇಲ್ಲವೇ ಕ್ಲಬ್ಬಿನ ಖರ್ಚು ಕಳೆದು ಉಳಿದದ್ದರಲ್ಲಿ ಶೇ 80, ಯಾವುದು ಹೆಚ್ಚೋ ಅದು. ನಮ್ಮ ಯಕ್ಷಗಾನದಲ್ಲಿ ಹರಕೆ ಆಟದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ, ಟೆಂಟ್ ಮೇಳ ಗೇಟ್ ಕಲೆಕ್ಷನ್ ನಂಬಿರುತ್ತದೆ. ಈ ಒಪ್ಪಂದದಲ್ಲಿ ಎರಡೂ ಬೆರೆತಿವೆ.

15 ಡಾಲರಿನ ಟಿಕೆಟ್ 100 ಹೋದರೆ 1,500. ಅದರಲ್ಲಿ ಕ್ಲಬ್ಬಿನ ಖರ್ಚು 500. ಉಳಿದ ಸಾವಿರದಲ್ಲಿ ತಂಡಕ್ಕೆ 800. ಆಟ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ನಡೆಯುವ ಸೆಟಲ್‌ಮೆಂಟ್ ಇಲ್ಲಿ ಮುಖ್ಯ. ಆ 500ರೊಳಗೆ ಏನೇನಿದೆ, ಪುಕ್ಕಟೆ ಒಳಗೆ ಬಿಟ್ಟವರೆಷ್ಟು, ಜಾಹೀರಾತಿಗೆ ರಸೀದಿ ಇದೆಯೇ ಎಂದು ಕೇಳಬೇಕು. ಮುಂಚಿತವಾಗಿ ಬರೆಸಿಕೊಳ್ಳದ ಖರ್ಚು ಆ ಹಾಳೆಯ ಮೇಲೆ ಮೊದಲ ಬಾರಿ ಕಾಣಿಸಿತೆಂದರೆ, ತಂಡದ ಪಾಲು ಆಗಲೇ ಸವೆದಿದೆ.

ಇನ್ನು ತಂಡದ ಖರ್ಚು. ಏಜೆಂಟನಿಗೆ ಶೇ 10, ಅಂದರೆ 80. ವ್ಯಾನ್ ಬಾಡಿಗೆ, ವಿಮೆ ಸೇರಿ 150 ಎನ್ನಿ. ಇಂಧನಕ್ಕೆ 70, ಮೋಟೆಲಿನ ಎರಡು ಕೋಣೆಗೆ 180, ಐವರ ದಿನಭತ್ಯೆ 125, ಎಂಜಿನಿಯರನಿಗೆ 150. ಒಟ್ಟು 755. ಉಳಿದದ್ದು 45 ಡಾಲರ್. ನಾಲ್ವರೂ ಇನ್ನೂ ಸಂಭಾವನೆ ಮುಟ್ಟಿಲ್ಲ. ಜನ 60ಕ್ಕೆ ಇಳಿದರೆ ತಂಡದ ಕೈಗೆ 320 ಮಾತ್ರ, ಖರ್ಚಿನಲ್ಲಿ ಕಡಿಮೆಯಾಗುವುದು ಏಜೆಂಟನ ಪಾಲಿನ 48 ಡಾಲರ್ ಅಷ್ಟೇ. ಪ್ರದರ್ಶನವಿಲ್ಲದ ದಿನವಂತೂ ಇನ್ನೂ ಅಪಾಯ. ವ್ಯಾನು ನಿಂತಿದ್ದರೂ ಬಾಡಿಗೆ, ಕೋಣೆ, ಊಟ ಸೇರಿ 455 ಡಾಲರ್ ತಿನ್ನುತ್ತದೆ. ಬಳಲಿದ ಗಾಯಕನಿಗೆ ವಿಶ್ರಾಂತಿ ಬೇಕೆಂದು ಗೊತ್ತಿದ್ದೂ ಸಣ್ಣ ತಂಡಗಳು ವಾರವಿಡೀ ಹಾಡುವುದು ಇದಕ್ಕೇ.

ಹೀಗೆ ಉಳಿತಾಯವೆಲ್ಲ ಬಾಗಿಲ ಬಳಿಯ ಮರ್ಚ್ ಮೇಜಿಗೆ ಸರಿಯಿತು. 8 ಡಾಲರಿಗೆ ಅಚ್ಚು ಹಾಕಿಸಿದ ಟೀ ಶರ್ಟಿಗೆ 25 ಡಾಲರ್. 20 ಹೋದರೆ 500. ಅಸಲು 160, ಕಾರ್ಡ್ ಶುಲ್ಕ 15 ಕಳೆದು 325. (ಹೋಗದೆ ಉಳಿದ ದೊಡ್ಡ ಸೈಜಿನ ಗಂಟು ಬೇರೆ, ಅದು ವ್ಯಾನಿನಲ್ಲೇ ಊರೂರು ಸುತ್ತುತ್ತದೆ.) ಈ ಮೇಜಿನ ಮೇಲೂ ಸ್ಥಳದವರ ಕೈ ಬಂತು. ದೊಡ್ಡ ಸಭಾಂಗಣಗಳ ಹಳೆಯ ರೂಢಿ ಚಿಕ್ಕ ಕ್ಲಬ್ಬುಗಳಿಗೂ ಇಳಿಯಿತು. ಶೇ 20 ಎಂದರೆ ಸಣ್ಣದೆನಿಸುತ್ತದೆ. ಆದರೆ ಅದನ್ನು ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ ಹಿಡಿಯುತ್ತಾರೆ. 500ರಲ್ಲಿ 100 ಹೋಯಿತು; ಲಾಭದಲ್ಲಿ ಅದು ಹತ್ತಿರಹತ್ತಿರ ಮೂರನೇ ಒಂದು ಪಾಲು. ಶರ್ಟು ಕೊಂಡು, ಅಚ್ಚು ಹಾಕಿಸಿ, ಹೊತ್ತು ತಂದು, ಮಾರಿದವರು ಮಾತ್ರ ತಂಡದವರೇ. ಬಾರಿನ ಗಳಿಕೆಯಲ್ಲಿ ಅವರಿಗೆ ಸಾಮಾನ್ಯವಾಗಿ ಪಾಲಿಲ್ಲ.

2022ರಲ್ಲಿ ಬ್ರಿಟನ್ನಿನ ಫೀಚರ್ಡ್ ಆರ್ಟಿಸ್ಟ್ಸ್ ಕೊಯಲಿಷನ್, ಮರ್ಚಿನಲ್ಲಿ ಪಾಲು ಕೇಳದ ಸ್ಥಳಗಳ ಪಟ್ಟಿಯನ್ನೇ ಪ್ರಕಟಿಸಿತು. 2023ರ ಸೆಪ್ಟೆಂಬರಿನಲ್ಲಿ ದೈತ್ಯ ಸಂಸ್ಥೆ ಲೈವ್ ನೇಷನ್, ಅಮೆರಿಕದಲ್ಲಿ ತನ್ನ ಹಲವು ಕ್ಲಬ್ಬುಗಳಲ್ಲಿ ಈ ಪಾಲು ಬಿಟ್ಟುಕೊಡುವುದಾಗಿ, ಪ್ರತಿ ಪ್ರದರ್ಶನಕ್ಕೆ ಪ್ರಧಾನ ತಂಡಕ್ಕೂ ಸಹ ತಂಡಕ್ಕೂ ಇಂಧನ ಇತ್ಯಾದಿಗೆಂದು 1,500 ಡಾಲರ್ ಕೊಡುವುದಾಗಿ ಘೋಷಿಸಿತು. ಸ್ವತಂತ್ರ ಕ್ಲಬ್ಬುಗಳ ಸಂಘ ಇದು ತಮ್ಮನ್ನು ಹಿಂಡುವ ತಂತ್ರ ಎಂದು ಕೂಗೆಬ್ಬಿಸಿತು. ಮೇಲಿನ ಲೆಕ್ಕದಲ್ಲಿ 100 ಟಿಕೆಟ್ಟಿನ ಪೂರ್ತಿ ಗಲ್ಲಾ ಎಷ್ಟೋ ಅಷ್ಟನ್ನೇ ಕಂಪನಿಯೊಂದು ಬರಿಯ ಭತ್ಯೆಯಾಗಿ ಕೊಡಬಲ್ಲದು. ಪಕ್ಕದ ಬೀದಿಯ ಇನ್ನೂರು ಜನ ಹಿಡಿಯುವ ಕ್ಲಬ್ಬಿಗೆ ಅದು ಆಗದ ಮಾತು. ಸಂಘದ ಆತಂಕ ಸುಳ್ಳಲ್ಲ.