ಹಳೆ ಗಾಣ ಮಾರುವ ಮುಂಚೆ ಮಾರ್ಚ್ 31 ನೋಡ್ಕೊಳ್ಳಿ

ಶೇಂಗಾ ಕೊಂಡು ಎಣ್ಣೆ ತೆಗೆದು ಮಾರಿದರೆ ಅದು ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ. ಹಾಗಾಗಿ ಯಂತ್ರ ಬದಲಿಸುವಾಗ ಹಳೆಯದರ ಮಾರಾಟವೂ ತೆರಿಗೆ ಲೆಕ್ಕಕ್ಕೆ ಬರುತ್ತದೆ.

ನನ್ನ ಹಳೆ ಗಾಣದ್ದೇ ಲೆಕ್ಕ ಹೇಳ್ತೀನಿ. ಘಟಕದಲ್ಲಿ ಇದ್ದ ಯಂತ್ರ ಅದೊಂದೇ. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆ 80,000 ರೂಪಾಯಿ. ಗಿರಾಕಿ ಕೊಟ್ಟದ್ದು 1,20,000. ಮಾರ್ಚ್‌ನಲ್ಲಿ ಮಾರಿ ಹೊಸದನ್ನು ಏಪ್ರಿಲ್‌ನಲ್ಲಿ ತಂದಿದ್ದರೆ, ಹೆಚ್ಚಿನ 40,000 ಅಲ್ಪಾವಧಿ ಬಂಡವಾಳ ಲಾಭವಾಗಿ ಆ ವರ್ಷದ ಆದಾಯಕ್ಕೆ ಸೇರುತ್ತಿತ್ತು. ಶೇ. 20ರ ಹಂತದಲ್ಲಿದ್ದರೆ 8,000 ರೂಪಾಯಿ ತೆರಿಗೆ, ಮೇಲೆ ಸೆಸ್.

ಅದಕ್ಕೇ 5,00,000ದ ಹೊಸ ಗಾಣವನ್ನು ಅದೇ ಆರ್ಥಿಕ ವರ್ಷದೊಳಗೆ ಕೊಂಡೆ. ಆಗ 80,000ಕ್ಕೆ 5,00,000 ಕೂಡಿಸಿ 1,20,000 ಕಳೆದರೆ 4,60,000 ಉಳಿಯುತ್ತದೆ. ಲಾಭದ ಮೇಲೆ ತಕ್ಷಣ ತೆರಿಗೆ ಇಲ್ಲ. ಮುಂದೆ ಸವಕಳಿ ಅಷ್ಟು ಕಡಿಮೆ ಸಿಗುತ್ತದೆ, ಅಷ್ಟೇ. ವರ್ಷಕ್ಕೆ ಶೇ. 15, ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅದರ ಅರ್ಧ.

ಹಳೆಯದು 50,000ಕ್ಕೇ ಹೋದರೆ? ಹೊಸದು ಅದೇ ವರ್ಷ ಬಂದಿದ್ದರೆ 30,000ದ ನಷ್ಟ ಸವಕಳಿಯಾಗಿ ನಿಧಾನಕ್ಕೆ ಸಿಗುತ್ತದೆ. ಬರದಿದ್ದರೆ ಅದು ಬಂಡವಾಳ ನಷ್ಟ. ಎಣ್ಣೆಯ ಲಾಭದಿಂದ ಅದನ್ನು ಕಳೆಯೋಕಾಗಲ್ಲ.