ದೀರ್ಘ ರಜೆ ಕೇಳುವ ಮುನ್ನ

ಹತ್ತು ಹದಿನೈದು ವರ್ಷ ಒಂದೇ ಕಂಪೆನಿಯಲ್ಲಿ ದುಡಿದ ಇಂಜಿನಿಯರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ಊರಲ್ಲಿ ತಂದೆಗೆ ವಯಸ್ಸಾಗಿದೆ. ಕೆಲಸ ಬಿಡುವಂತಿಲ್ಲ, ನಾಲ್ಕು ದಿನದ ರಜೆಯಲ್ಲಿ ಏನೂ ಆಗುವುದಿಲ್ಲ. ಆಗ ನೆನಪಾಗುವುದು ಸಬ್ಬಾಟಿಕಲ್, ಅಂದರೆ ಕೆಲಸ ಉಳಿಸಿಕೊಂಡೇ ಕೆಲವು ತಿಂಗಳು ದೂರವಿರುವ ದೀರ್ಘ ರಜೆ.

ಖಾಸಗಿ ಕಂಪೆನಿಯಲ್ಲಿ ಇದು ಹಕ್ಕಲ್ಲ, ಅನುಮತಿ. ಹಾಗಾದರೆ ಹೇಗೆ ಕೇಳಬೇಕು? ಇದಕ್ಕೆ ಒಳ್ಳೆಯ ಮಾದರಿ ಕೇಂದ್ರ ಸರಕಾರದ 1972ರ ರಜಾ ನಿಯಮಗಳಲ್ಲಿರುವ ಅಧ್ಯಯನ ರಜೆ. ಅಲ್ಲಿ ಕಲಿಕೆಗೂ ನೌಕರನ ಕೆಲಸಕ್ಕೂ ನೇರವಾದ, ನಿಕಟವಾದ ಸಂಬಂಧವಿರಬೇಕು. ಸಾಮಾನ್ಯವಾಗಿ ಒಮ್ಮೆಗೆ 12 ತಿಂಗಳು, ಇಡೀ ಸೇವೆಯಲ್ಲಿ 24 ತಿಂಗಳು ಮಿತಿ. ಮರಳಿ ಬಂದು ನಿಗದಿತ ಕಾಲ ಸೇವೆ ಮಾಡುತ್ತೇನೆಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ನಿಮ್ಮ ಕಂಪೆನಿಯಲ್ಲಿ ಇಂತಹ ನಿಯಮ ಇಲ್ಲದಿರಬಹುದು. ಆದರೆ ಮ್ಯಾನೇಜರ್ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಇವೇ: ಏನು ಕಲಿಯುತ್ತೀರಿ, ಅದು ನಮಗೇಕೆ, ಮರಳಿ ಬರುತ್ತೀರಾ?

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಅರಕಲಗೂಡಿನವರೊಬ್ಬರು ಬೆಂಗಳೂರಿನಲ್ಲಿ ಗಾಳಿಯ ತೇವಾಂಶ ಅಳೆಯುವ ಸೆನ್ಸರ್ ತಯಾರಿಸುವ ಕಂಪೆನಿಯ ಹಿರಿಯ ಇಂಜಿನಿಯರ್. ಅವರ ಮೊದಲ ಪತ್ರ ಹೀಗಿತ್ತು ಎನ್ನೋಣ: “ವಿಶ್ರಾಂತಿ ಪಡೆದು, ಹೊಸ ತಂತ್ರಜ್ಞಾನ ಕಲಿತು, ಹುರುಪಿನಿಂದ ಮರಳುವೆ.” ಈ ಪತ್ರ ಮೇಜಿನಲ್ಲೇ ಉಳಿಯುತ್ತದೆ. ಏಕೆಂದರೆ ಅದರಲ್ಲಿ ಪರೀಕ್ಷಿಸಿ ನೋಡಬಹುದಾದ ಒಂದು ಮಾತೂ ಇಲ್ಲ.

ಎರಡನೇ ಪತ್ರವನ್ನು ಅವರು ಕಂಪೆನಿಯ ತೊಂದರೆಯಿಂದಲೇ ಆರಂಭಿಸುತ್ತಾರೆ. ಹೊಲಕ್ಕೆ ಹೋದ ಸೆನ್ಸರ್‌ಗಳು ಕೆಲವು ತಿಂಗಳಲ್ಲಿ ತಪ್ಪು ಅಂಕಿ ತೋರಿಸಿ ವಾಪಸು ಬರುತ್ತಿವೆ. ಧೂಳು, ಔಷಧಿ ಸಿಂಪಡಣೆ, ಮೇಲೆ ಕಟ್ಟುವ ನೀರಹನಿ ಇದಕ್ಕೆ ಕಾರಣಗಳು. ಪ್ರಯೋಗಾಲಯದಲ್ಲಿ ಕುಳಿತು ಇದನ್ನು ಕಾಣಲಾಗದು. ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಆಲೂಗಡ್ಡೆಗೆ ಅಂಗಮಾರಿ ರೋಗದ ಭಯ. ತಂಪು ಹವೆ, ಎಡೆಬಿಡದ ತೇವ ಇದ್ದರೆ ಅದು ಹರಡುತ್ತದೆ. ಸೆನ್ಸರ್‌ಗೆ ಕಠಿಣ ಪರೀಕ್ಷೆಯೂ ಆ ಹವೆಯೇ. ಆದ್ದರಿಂದ ಬಿತ್ತನೆಯಿಂದ ಕೊಯ್ಲಿನವರೆಗೆ, ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ನಾಲ್ಕು ತಿಂಗಳ ರಜೆ ಕೇಳುತ್ತಾರೆ.

ಮಾಡುವ ಕೆಲಸವನ್ನೂ ಬರೆಯುತ್ತಾರೆ. ಮೂವರು ರೈತರ ಒಪ್ಪಿಗೆ ಪಡೆದು ಅವರ ಹೊಲದಲ್ಲಿ ಆರು ಸೆನ್ಸರ್ ಇಡುವುದು. ಹದಿನೈದು ದಿನಕ್ಕೊಮ್ಮೆ ಅವುಗಳನ್ನು ತಂದು ಉಪ್ಪಿನಿಂದ ಪರೀಕ್ಷಿಸುವುದು. ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಬೆರೆಸಿ ಕೆಸರಿನಂತೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಕೆಲವು ಗಂಟೆ ಬಿಟ್ಟರೆ ಒಳಗಿನ ತೇವಾಂಶ ಸುಮಾರು 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಉಪ್ಪಿಗೆ ತಾಗದಂತೆ ತೂಗುಬಿಟ್ಟ ಸೆನ್ಸರ್ 81 ತೋರಿಸಿದರೆ ಅದು ಆರು ಅಂಶ ಜಾರಿದೆ ಎಂದರ್ಥ. ಕಂಪೆನಿಗೆ ಸಿಗುವುದು ಎಷ್ಟು ದಿನಕ್ಕೆ ಎಷ್ಟು ಜಾರಿತೆಂಬ ಪಟ್ಟಿ, ಹೊಲದಲ್ಲೇ ಸರಿಪಡಿಸುವ ವಿಧಾನದ ಬರಹ, ಕಿರಿಯರಿಗೆ ಎರಡು ದಿನದ ತರಬೇತಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಅವರು “ಅಂಗಮಾರಿಯನ್ನು ಮುಂಚಿತವಾಗಿ ತಿಳಿಸುವ ಸಾಧನ ತರುತ್ತೇನೆ” ಎನ್ನಲಿಲ್ಲ. ಆ ವರ್ಷ ರೋಗ ಬರದಿದ್ದರೆ ಮಾತು ಸುಳ್ಳಾಗುತ್ತಿತ್ತು. ಮಳೆ ಹೇಗೇ ಬರಲಿ, ಸೆನ್ಸರ್ ಜಾರಿದ ಲೆಕ್ಕವಂತೂ ಸಿಕ್ಕೇ ಸಿಗುತ್ತದೆ. ತನ್ನ ಕೈಯಲ್ಲಿರುವುದನ್ನಷ್ಟೇ ವಾಗ್ದಾನ ಮಾಡಬೇಕು.

ಇನ್ನು ತಂದೆಯ ವಿಷಯ. ಅದನ್ನು ಮುಚ್ಚಿಡಬಾರದು. “ಊರಲ್ಲಿದ್ದು ತಂದೆಯನ್ನೂ ನೋಡಿಕೊಳ್ಳುತ್ತೇನೆ, ಪ್ರಯೋಗಕ್ಕೆ ವಾರದಲ್ಲಿ ಮೂರು ದಿನ ಮೀಸಲು” ಎಂದು ನೇರವಾಗಿ ಬರೆಯಲಿ. ಆರೈಕೆಯನ್ನು ಕಲಿಕೆಯ ಹೆಸರಿನಲ್ಲಿ ಅಡಗಿಸಿದರೆ ಮೊದಲ ತಿಂಗಳ ವರದಿಯಲ್ಲೇ ಬಯಲಾಗುತ್ತದೆ. ತಂದೆಗೆ ದಿನವಿಡೀ ಆರೈಕೆ ಬೇಕಿದ್ದರೆ ಈ ಪ್ರಸ್ತಾವವೇ ಬೇಡ, ಆರೈಕೆಗೆಂದೇ ರಜೆ ಕೇಳುವುದು ಸರಿ.

ಪತ್ರದ ಕೊನೆಗೆ, ತಮ್ಮ ಕೆಲಸ ಯಾರ ಕೈಗೆ, ಎಷ್ಟು ವಾರ ಮುಂಚೆ ಹಸ್ತಾಂತರ, ಮರಳಿ ಎಷ್ಟು ಕಾಲ ಇರುತ್ತೇನೆ ಎಂಬುದು ಬರಲಿ. ಕಂಪೆನಿಯಿಂದಲೂ ಲಿಖಿತ ಉತ್ತರ ಪಡೆಯಬೇಕು: ಮರಳಿದಾಗ ಅದೇ ಹುದ್ದೆಯೇ, ಸೇವಾವಧಿ ಮುಂದುವರಿಯುತ್ತದೆಯೇ, ಮನೆಯವರ ಆರೋಗ್ಯ ವಿಮೆ ನಿಲ್ಲುತ್ತದೆಯೇ? ಸಂಬಳವಿಲ್ಲದ ತಿಂಗಳಲ್ಲಿ ಭವಿಷ್ಯನಿಧಿಗೆ ಹಣ ಜಮೆಯಾಗುವುದಿಲ್ಲ, ಮನೆ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. “ಬನ್ನಿ, ನೋಡೋಣ” ಎಂಬ ಬಾಯಿಮಾತು ಮ್ಯಾನೇಜರ್ ಬದಲಾದ ದಿನವೇ ಮುಗಿಯುತ್ತದೆ. ಹಾಗಾಗಿ ಪತ್ರ ಕಳುಹಿಸುವ ಮೊದಲು ದಂಪತಿಗಳಿಬ್ಬರೂ ಕುಳಿತು ನಾಲ್ಕು ತಿಂಗಳ ಮನೆಖರ್ಚನ್ನು ಕಾಗದದಲ್ಲಿ ಬರೆದು ನೋಡಿ. ಲೆಕ್ಕ ಕೂಡದಿದ್ದರೆ ಎರಡು ತಿಂಗಳಿಗೆ ಇಳಿಸಿ, ಮೂರು ಹೊಲದ ಬದಲು ಒಂದನ್ನೇ ಆರಿಸಿಕೊಳ್ಳಿ.