ಕಪ್ಪು ಪರದೆಯ ಅಂಚಿನಲ್ಲಿ ಸೋರುವ ಬೆಳಕು

ಹೊಸ ಮಾನಿಟರ್ ಕೊಂಡವರು ಮೊದಲ ಸಲ ಕೋಣೆಯ ದೀಪ ಆರಿಸಿ ಸಿನಿಮಾ ಹಾಕಿದಾಗ ಗಾಬರಿಯಾಗುವುದುಂಟು. ಹಗಲಲ್ಲಿ ಚೆನ್ನಾಗಿಯೇ ಕಂಡಿದ್ದ ಪರದೆಯ ಮೂಲೆಯಲ್ಲಿ ಹಳದಿ ಬೆಳಕು ಕಾಣುತ್ತದೆ, ಕೆಳಗಿನ ಅಂಚಿನುದ್ದಕ್ಕೂ ಮಸುಕು ಪಟ್ಟಿ ಎದ್ದಿರುತ್ತದೆ. ಇದು ದೋಷವೇ, ಅಥವಾ ಎಲ್ಲ ಮಾನಿಟರ್‌ಗಳೂ ಹೀಗೆಯೇ? ಆ ಬೆಳಕು ಯಾವ ಬಗೆಯದು ಎಂದು ಗೊತ್ತಾಗದೆ ಉತ್ತರ ಹೇಳಲಾಗದು. ಬಗೆ ಗುರುತಿಸುವುದಕ್ಕೆ ಉಪಕರಣವೇನೂ ಬೇಡ, ಕುಳಿತಲ್ಲಿಂದ ತಲೆಯನ್ನು ಆಚೀಚೆ ಸರಿಸಿ ನೋಡಿದರೆ ಸಾಕು.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಸಾಮಾನ್ಯ ಮಾನಿಟರ್‌ಗಳಲ್ಲಿ ಒಂದು ಅಂಚಿನ ಉದ್ದಕ್ಕೂ ಸಣ್ಣ ಎಲ್‌ಇಡಿ ದೀಪಗಳ ಸಾಲಿರುತ್ತದೆ. ಆ ಬೆಳಕು ಪಾರದರ್ಶಕ ಪ್ಲಾಸ್ಟಿಕ್ ಹಲಗೆಯೊಂದರೊಳಗೆ ಹರಡಿ, ತೆಳುವಾದ ಹಾಳೆಗಳಲ್ಲಿ ಹದವಾಗಿ, ಪರದೆಯ ಹಿಂಭಾಗಕ್ಕೆ ಬಂದು ಬೀಳುತ್ತದೆ. ಇದೇ ಹಿಂಬೆಳಕು. ಮುಂದಿರುವ ದ್ರವಸ್ಫಟಿಕದ ಪದರ ಇದನ್ನು ಬೇಕಾದಲ್ಲಿ ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ಆದರೆ ಆ ತಡೆ ಎಂದೂ ಪೂರ್ತಿಯಾಗುವುದಿಲ್ಲ. ಇಂದು ಹೆಚ್ಚು ಮಾರಾಟವಾಗುವ ಐಪಿಎಸ್ ಪರದೆಗಳಲ್ಲಿ ಬಿಳಿ ಮತ್ತು ಕಪ್ಪಿನ ಅಂತರ ಸುಮಾರು 1000 ಪಟ್ಟು. ಬಿಳಿಯನ್ನು 120 ನಿಟ್ ಪ್ರಕಾಶಕ್ಕೆ ಇಟ್ಟುಕೊಂಡರೆ ಕಪ್ಪಿನಲ್ಲೂ 0.12 ನಿಟ್‌ನಷ್ಟು ಬೆಳಕು ಹೊರಬರುತ್ತದೆ. ಕತ್ತಲೆ ಕೋಣೆಯಲ್ಲಿ ಈ ಕಪ್ಪು ಗಾಢ ಬೂದಿಯಾಗಿ ಕಾಣುವುದು ಸಹಜ. ಅದಕ್ಕಾಗಿ ಯಾರೂ ಮಾನಿಟರ್ ಹಿಂತಿರುಗಿಸಬೇಕಿಲ್ಲ.

ಇದರ ಮೇಲೆ ಐಪಿಎಸ್ ಪರದೆಗಳಿಗೆ ಇನ್ನೊಂದು ಗುಣವಿದೆ. ಕಪ್ಪು ಚಿತ್ರವನ್ನು ಓರೆಯಾಗಿ ನೋಡಿದರೆ ತಡೆ ಸಡಿಲಗೊಂಡು ಮಂಜಿನಂಥ ಹೊಳಪು ಏಳುತ್ತದೆ. ಇದನ್ನು ಐಪಿಎಸ್ ಗ್ಲೋ ಎನ್ನುತ್ತಾರೆ. ನೇರ ಎದುರಿಗೆ ಕುಳಿತವರಿಗೂ ಅದು ಕಾಣುವುದೇಕೆ? 27 ಇಂಚಿನ ಪರದೆಯ ನಡುವಿನಿಂದ ಮೂಲೆಗೆ ಸುಮಾರು 34 ಸೆಂಟಿಮೀಟರ್. 50 ಸೆಂಟಿಮೀಟರ್ ದೂರದಲ್ಲಿ ಕುಳಿತರೆ ಮೂಲೆಯನ್ನು ನೀವು ಸುಮಾರು 34 ಡಿಗ್ರಿ ಓರೆಯಲ್ಲಿ ನೋಡುತ್ತಿದ್ದೀರಿ. ಕುರ್ಚಿಯನ್ನು 80 ಸೆಂಟಿಮೀಟರ್‌ಗೆ ಸರಿಸಿದರೆ ಅದು 23 ಡಿಗ್ರಿಗೆ ಇಳಿಯುತ್ತದೆ, ಹೊಳಪೂ ಕುಗ್ಗುತ್ತದೆ. ನೀವು ಸರಿದಂತೆ ಹೊಳಪೂ ಜಾಗ ಬದಲಿಸಿದರೆ, ಮೂಲೆಯ ನೇರಕ್ಕೆ ಮುಖ ತಂದಾಗ ಅಲ್ಲಿ ಮಾಯವಾದರೆ, ಅದು ಗ್ಲೋ. ಬದಲಿಸಿ ತಂದ ಮಾನಿಟರ್‌ನಲ್ಲೂ ಅದು ಇದ್ದೇ ಇರುತ್ತದೆ.

ಬ್ಯಾಕ್‌ಲೈಟ್ ಬ್ಲೀಡ್ ಬೇರೆ. ಮುಚ್ಚಿದ ಬಾಗಿಲ ಸಂದಿಯಿಂದ ಬೆಳಕು ಸೋರುವ ಹಾಗೆ, ಪರದೆಯ ಪದರಗಳು ಅಂಚಿನಲ್ಲಿ ಸರಿಯಾಗಿ ಕೂರದಿದ್ದಾಗ ಹಿಂಬೆಳಕು ಅಲ್ಲಿಂದ ನುಗ್ಗುತ್ತದೆ. ಚೌಕಟ್ಟು ಒಂದು ಕಡೆ ಬಿಗಿಯಾಗಿ ಒತ್ತಿರಬಹುದು, ಜೋಡಣೆಯಲ್ಲಿ ಪದರ ತುಸು ತಿರುಚಿರಬಹುದು, ಸಾಗಣೆಯಲ್ಲಿ ಪೆಟ್ಟು ಬಿದ್ದಿರಬಹುದು. ನೀವು ಎಲ್ಲಿ ಕೂತು ನೋಡಿದರೂ ಈ ಕಲೆ ಅಲ್ಲೇ ಇರುತ್ತದೆ, ಆಕಾರವೂ ಬದಲಾಗದು. ಇದೇ ಒತ್ತಡ ಅಂಚಿನ ಬದಲು ಪರದೆಯ ನಡುಭಾಗದಲ್ಲಿ ಬಿದ್ದರೆ ಮೋಡದಂಥ ಮಚ್ಚೆಗಳು ಮೂಡುತ್ತವೆ.

ಪರೀಕ್ಷೆ ಸರಿಯಾಗಿ ಮಾಡದಿದ್ದರೆ ಒಳ್ಳೆಯ ಮಾನಿಟರ್ ಕೆಟ್ಟದ್ದಾಗಿಯೂ ಕೆಟ್ಟದ್ದು ಒಳ್ಳೆಯದಾಗಿಯೂ ಕಾಣುತ್ತದೆ. ಮೊದಲು ಮಾನಿಟರ್ ಅರ್ಧ ಗಂಟೆ ಓಡಲಿ. ಅದರ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್ ಎಂಬ ಸೌಲಭ್ಯವಿದ್ದರೆ ಆರಿಸಿಬಿಡಿ. ಪರದೆ ಪೂರ್ತಿ ಕಪ್ಪಾದೊಡನೆ ಅದು ಹಿಂಬೆಳಕನ್ನೇ ತಗ್ಗಿಸಿ ದೋಷವನ್ನು ಮುಚ್ಚಿಡುತ್ತದೆ. ಪ್ರಕಾಶವನ್ನು ನಿಮ್ಮ ದಿನಬಳಕೆಯ ಮಟ್ಟಕ್ಕೆ ತನ್ನಿ. ಡಬ್ಬಿಯಿಂದ ಬಂದ ಹಾಗೆಯೇ ಅತಿ ಹೆಚ್ಚಿನ ಪ್ರಕಾಶದಲ್ಲಿ ನೋಡಿದರೆ ಎಲ್ಲ ಪರದೆಯೂ ಸೋರುವಂತೆ ಕಾಣುತ್ತದೆ. ಆಮೇಲೆ ಪೂರ್ತಿ ಕಪ್ಪು ಚಿತ್ರವೊಂದನ್ನು ಪರದೆ ತುಂಬ ತೆರೆದು, ದೀಪ ಆರಿಸಿ, ಮಾಮೂಲಿ ಜಾಗದಲ್ಲಿ ಕೂತು ನೋಡಿ.

ಫೋಟೊ ಬೇಕೇ ಬೇಕು, ಏಕೆಂದರೆ ಅಂಗಡಿಯವರು ಕೇಳುವುದು ಅದನ್ನೇ. ಆದರೆ ಕತ್ತಲಲ್ಲಿ ಫೋನಿನ ಕ್ಯಾಮೆರಾ ತಾನಾಗಿಯೇ ಹೆಚ್ಚು ಬೆಳಕು ಹೀರಿಕೊಂಡು, ಕಣ್ಣಿಗೆ ಕಾಣದ ಮಸುಕನ್ನೂ ಬೆಂಕಿಯಂತೆ ತೋರಿಸುತ್ತದೆ. ಫೋಟೊ ಕಣ್ಣಿಗೆ ಕಂಡಷ್ಟೇ ಕತ್ತಲಾಗುವವರೆಗೆ ಎಕ್ಸ್‌ಪೋಶರ್ ಇಳಿಸಿ, ಎರಡು ಮೀಟರ್ ಹಿಂದೆ ಸರಿದು ನೇರವಾಗಿ ತೆಗೆಯಿರಿ. ಅಷ್ಟು ದೂರದಿಂದ ಗ್ಲೋ ಬಹುಪಾಲು ಇಳಿದಿರುತ್ತದೆ. ಉಳಿದದ್ದು ಸೋರಿಕೆ. ಇಂಥ ಫೋಟೊವನ್ನು ತಳ್ಳಿಹಾಕುವುದು ಕಷ್ಟ.

ಒಂದು ಮಾನಿಟರ್‌ನ ಕೆಳಗಿನ ಬಲ ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆ ಇದೆ ಎಂದುಕೊಳ್ಳಿ. ಮುಖವನ್ನು ಮೂಲೆಯ ನೇರಕ್ಕೆ ತಂದಾಗ ಕಲೆಯ ಹೊರಭಾಗ ಕರಗಿತು, ಒಳಗೆ ಅಂಚಿಗೆ ಅಂಟಿಕೊಂಡ ಎರಡು ಬೆರಳಿನಷ್ಟು ಉಳಿಯಿತು. ಅಂದರೆ ಕಂಡದ್ದರಲ್ಲಿ ಹೆಚ್ಚಿನದು ಗ್ಲೋ, ಸ್ವಲ್ಪ ಮಾತ್ರ ಸೋರಿಕೆ. ಈಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಸಿನಿಮಾವೊಂದನ್ನು ಹಾಕಿ, ಮೇಜಿನ ದೀಪ ಹಚ್ಚಿ ನೋಡಬೇಕು. ಎರಡು ಬೆರಳಿನ ಕಲೆ ಕಣ್ಣಿಗೆ ಬೀಳದಿದ್ದರೆ ಮಾನಿಟರ್ ಇಟ್ಟುಕೊಳ್ಳಿ. ಅದೇ ಮೂಲೆ ದೀಪವಿದ್ದರೂ ಹೊಳೆಯುತ್ತಿದ್ದರೆ, ಉದಾಹರಣೆಗೆ ಅಲ್ಲಿನ ಕಪ್ಪು 0.12ರ ಬದಲು 0.6 ನಿಟ್ ಇದ್ದರೆ, ಆ ಮೂಲೆಯಲ್ಲಿ ಬಿಳಿ ಕಪ್ಪಿನ ಅಂತರ ಬರೀ 200 ಪಟ್ಟಿಗೆ ಕುಸಿದಿದೆ. ಹಣ ಕೊಟ್ಟು ಕೊಂಡ ಪರದೆ ಅದಲ್ಲ, ಹಿಂತಿರುಗಿಸಿ.

ಸೋರಿಕೆಗಿಂತ ದಿನವಿಡೀ ಕಾಡುವುದು ಪ್ರಕಾಶದ ಏರುಪೇರು, ಅದರ ಬಗ್ಗೆ ಜನ ಮಾತಾಡುವುದು ಮಾತ್ರ ಕಡಿಮೆ. ಇದನ್ನು ಬಿಳಿ ಮತ್ತು ನಡುಮಟ್ಟದ ಬೂದು ಚಿತ್ರದಲ್ಲಿ ನೋಡಬೇಕು. ಮೂಲೆಗಳು ನಡುವಿಗಿಂತ ಶೇಕಡಾ 10ರಿಂದ 20ರಷ್ಟು ಮಂಕಾಗಿರುವುದು ಸಾಮಾನ್ಯ ಮಾನಿಟರ್‌ಗಳಲ್ಲಿ ಮಾಮೂಲು. ಇಳಿಕೆ ನಿಧಾನವಾಗಿರುವುದರಿಂದ ಕಣ್ಣು ಗುರುತಿಸುವುದಿಲ್ಲ. ಕಣ್ಣು ಹಿಡಿಯುವುದು ಥಟ್ಟನೆ ಬದಲಾಗುವ ಗೆರೆ, ಪಟ್ಟಿ, ಕೊಳೆಯಂಥ ಮಚ್ಚೆಗಳನ್ನು. ಪುಟವನ್ನು ಮೇಲೆ ಕೆಳಗೆ ಸರಿಸುವಾಗ ಗಾಜಿನ ಹಿಂದೆ ಕೊಳೆ ಅಂಟಿದಂತೆ ಕಂಡರೆ ಅದು ಹಿಂತಿರುಗಿಸಲು ತಕ್ಕ ಕಾರಣ. ಒಂದು ಪಕ್ಕ ಬಿಳಿ, ಇನ್ನೊಂದು ಪಕ್ಕ ಹಳದಿ ಅಥವಾ ಗುಲಾಬಿ ಛಾಯೆ ಇದ್ದರೂ ಅಷ್ಟೇ. ಫೋಟೊ, ವಿನ್ಯಾಸದ ಕೆಲಸ ಮಾಡುವವರು ಇದನ್ನು ಸಹಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಒತ್ತಡ ಸಡಿಲಗೊಂಡು ಸೋರಿಕೆ ತುಸು ಕಡಿಮೆಯಾಗುವುದುಂಟು, ಆದರೆ ಅದನ್ನು ಕಾಯುತ್ತ ಬದಲಾವಣೆಯ ಗಡುವು ಕಳೆದುಕೊಳ್ಳಬೇಡಿ. ಆನ್‌ಲೈನ್ ಮಾರಾಟಗಾರರ ಗಡುವು ಎಷ್ಟೋ ಸಲ ಒಂದು ವಾರದಷ್ಟು ಚಿಕ್ಕದು. ಚೌಕಟ್ಟು ಬಿಚ್ಚಿ ಸ್ಕ್ರೂ ಸಡಿಲಿಸುವ ಮನೆಮದ್ದಂತೂ ಬೇಡವೇ ಬೇಡ, ವಾರಂಟಿಯೇ ಹೋದೀತು. ಗಡುವು ಮುಗಿದ ಮೇಲೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವಾದಿಸುವುದು ಹೆಚ್ಚು ಕಷ್ಟ. ಸತ್ತ ಪಿಕ್ಸೆಲ್‌ಗಳಿಗೆ ಎಣಿಕೆಯ ಮಾನದಂಡವಿದೆ, ಸೋರುವ ಬೆಳಕಿಗೆ ಅಂಥ ಎಣಿಕೆ ಇಲ್ಲ. ಎಷ್ಟು ಸಹಜ ಎಂಬುದನ್ನು ಹೆಚ್ಚಾಗಿ ಕಂಪನಿಯ ಪರೀಕ್ಷಕರೇ ತೀರ್ಮಾನಿಸುತ್ತಾರೆ.

ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ಸರಕನ್ನು ವಾಪಸ್ ತೆಗೆದುಕೊಳ್ಳಲು ಆನ್‌ಲೈನ್ ಮಾರಾಟಗಾರರು ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದೂರಿನಲ್ಲಿ "ಪರದೆ ಚೆನ್ನಾಗಿಲ್ಲ" ಎಂದಷ್ಟೇ ಬರೆಯದೆ, ಯಾವ ಮೂಲೆ, ಎಷ್ಟು ಅಗಲ, ಎಷ್ಟು ಪ್ರಕಾಶದಲ್ಲಿ, ನೋಡುವ ಕೋನ ಬದಲಿಸಿದರೂ ಕಲೆ ಸರಿಯುತ್ತಿಲ್ಲ ಎಂದೆಲ್ಲ ಬರೆದು ಫೋಟೊ ಲಗತ್ತಿಸಿ. ಬದಲಿ ಮಾನಿಟರ್ ಬಂದಾಗ ಇದೇ ಕ್ರಮದಲ್ಲಿ ಮತ್ತೆ ನೋಡಿ. ಅದರಲ್ಲೂ ಅದೇ ಜಾಗದಲ್ಲಿ ಸೋರಿದರೆ ತೊಂದರೆ ಆ ಮಾದರಿಯ ಜೋಡಣೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಆಗ ಮೂರನೆಯದಕ್ಕೆ ಕಾಯದೆ ಹಣ ವಾಪಸ್ ಕೇಳಿ, ಕತ್ತಲಲ್ಲಿ ಸಿನಿಮಾ ನೋಡುವುದೇ ಮುಖ್ಯವಾದರೆ ಹಿಂಬೆಳಕೇ ಇಲ್ಲದ ಓಎಲ್‌ಇಡಿ ಅಥವಾ ಐಪಿಎಸ್‌ಗಿಂತ ಮೂರು ಪಟ್ಟು ಗಾಢ ಕಪ್ಪು ಕೊಡಬಲ್ಲ ವಿಎ ಪರದೆಯತ್ತ ಹೋಗುವುದು ಲೇಸು.